ಶುಲ್ಕ ಕೇಳುವ ಪತ್ರವನ್ನು ಆರು ವಾಕ್ಯಕ್ಕೆ ಇಳಿಸಿದ ಮೇಲೆ

ಮೈಸೂರಿನ ನಮ್ಮ ಬಡಾವಣೆಯ ಶಟಲ್ ಕ್ಲಬ್ಬಿಗೆ ನಾನು ಖಜಾಂಚಿಯಾಗಿ ನಾಲ್ಕು ವರ್ಷವಾಯಿತು. ಸದಸ್ಯರು ನೂರಹತ್ತರ ಆಸುಪಾಸು, ವಾರ್ಷಿಕ ಶುಲ್ಕ 2,400 ರೂಪಾಯಿ. ಮೊದಲೆರಡು ವರ್ಷ ಗಡುವಿನೊಳಗೆ ಕಟ್ಟುತ್ತಿದ್ದವರು ನಲವತ್ತು ಜನ ಮಾತ್ರ. ಉಳಿದ ಹಣ ದಸರೆಯವರೆಗೂ ತೊಟ್ಟಿಕ್ಕುತ್ತಿತ್ತು. ಅಷ್ಟರಲ್ಲಿ ವಿದ್ಯುತ್ ಬಿಲ್ಲಿಗೆ ಎರಡು ಸಲ ನಾನೇ ಕೈಯಿಂದ ಹಾಕಿದ್ದೆ. 2025ರ ಏಪ್ರಿಲ್‌ನಲ್ಲಿ ಗಡುವಿನ ದಿನಕ್ಕೆ ತೊಂಬತ್ತರಷ್ಟು ಜನ ಕಟ್ಟಿದ್ದರು. ಬದಲಾಗಿದ್ದು ಪತ್ರ ಮತ್ತು ಅದನ್ನು ಕಳಿಸಿದ ರೀತಿ ಮಾತ್ರ.

ಹಳೆಯ ಪತ್ರ ಹೀಗಿತ್ತು: ‘ಸದಸ್ಯರ ಗಮನಕ್ಕೆ. ವಾರ್ಷಿಕ ಶುಲ್ಕವನ್ನು ಇದುವರೆಗೂ ಪಾವತಿಸದವರು ಕೂಡಲೇ ಪಾವತಿಸತಕ್ಕದ್ದು. ತಪ್ಪಿದಲ್ಲಿ ಸದಸ್ಯತ್ವ ರದ್ದುಪಡಿಸಲಾಗುವುದು.’ ಎಷ್ಟು ಕಟ್ಟಬೇಕು, ಯಾವ ದಿನದೊಳಗೆ ಎಂಬುದೇ ಇಲ್ಲ. ‘ಕೂಡಲೇ’ ಎಂದರೆ ಯಾವತ್ತೂ ಅಲ್ಲ. ರದ್ದು ಮಾಡುತ್ತೇವೆಂದು ಹೇಳಿ ಯಾರನ್ನೂ ರದ್ದು ಮಾಡಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ನನ್ನ ಮೊದಲ ತಿದ್ದುಪಡಿ ನೆಲಕಚ್ಚಿತು. ಪ್ರೀತಿಯಿಂದ ಬರೆಯಬೇಕೆಂದು ಮುಕ್ಕಾಲು ಪುಟ ಬರೆದೆ. ‘ತುಂಬಾ ಚೆನ್ನಾಗಿ ಬರೆದಿದ್ದೀರಿ’ ಎಂದು ಇಪ್ಪತ್ತು ಜನ ಮೆಚ್ಚಿದರು, ಹಣ ಕಳಿಸಿದವರು ಮೂವರು. ಮೊತ್ತವೂ ದಿನಾಂಕವೂ ಕೊನೆಯ ಪ್ಯಾರಾದಲ್ಲಿದ್ದವು, ಮೊಬೈಲಿನಲ್ಲಿ ಅಲ್ಲಿಯವರೆಗೆ ಯಾರೂ ಇಳಿದಿರಲಿಲ್ಲ. ಮರುವರ್ಷ ಬೇಗ ಕಟ್ಟಿದವರಿಗೆ 200 ರೂಪಾಯಿ ರಿಯಾಯಿತಿ ಕೊಟ್ಟೆವು. ಯಾವಾಗಲೂ ಸಮಯಕ್ಕೆ ಕಟ್ಟುವವರೇ ಅದನ್ನು ಪಡೆದರು, ಕ್ಲಬ್ಬಿಗೆ ಎಂಟು ಸಾವಿರದಷ್ಟು ಖೋತಾ. ಕೊನೆಗೆ ಸಮಿತಿಯವರು ಬಾಕಿದಾರರ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಾಕಿಸಿದರು. ಹಣ ಬಂತು, ಆದರೆ ಎರಡು ಮನೆಯವರು ಶಾಶ್ವತವಾಗಿ ಬಿಟ್ಟುಹೋದರು. ಅದರಲ್ಲಿ ಒಬ್ಬರು ಆಗಲೇ ಕಟ್ಟಿದ್ದರು! ಮಗನ ಖಾತೆಯಿಂದ ಬಂದಿದ್ದ ಹಣವನ್ನು ನಾವು ಅವರ ಹೆಸರಿಗೆ ಜಮಾ ಮಾಡಿಕೊಂಡಿರಲಿಲ್ಲ. ಆ ನೋವು ನನಗೆ ಇನ್ನೂ ಇದೆ.

ಆದ್ದರಿಂದ ಈಗ ಪತ್ರಕ್ಕಿಂತ ಮೊದಲು ಲೆಕ್ಕ. ಬ್ಯಾಂಕಿನ ವಿವರವನ್ನೂ ಸದಸ್ಯರ ಪುಸ್ತಕವನ್ನೂ ಒಂದು ಸಂಜೆ ಕುಳಿತು ತಾಳೆ ನೋಡುತ್ತೇನೆ. ಯುಪಿಐನಲ್ಲಿ ಹಣ ಕಳಿಸುವಾಗ ಸದಸ್ಯತ್ವ ಸಂಖ್ಯೆ ಬರೆಯಲು ಕೇಳುತ್ತೇನೆ. ಬಾಕಿ ಇರುವವರಿಗೆ ಮಾತ್ರ, ಒಬ್ಬೊಬ್ಬರಿಗೇ ಕಳಿಸುತ್ತೇನೆ. ‘ಈಗಾಗಲೇ ಕಟ್ಟಿದ್ದರೆ ಈ ಪತ್ರವನ್ನು ಕಡೆಗಣಿಸಿ’ ಎಂಬ ಸಾಲು ಕಟ್ಟಿದವರನ್ನು ಕೆಣಕುತ್ತದೆ, ಕಟ್ಟದವರಿಗೆ ನೆಪವಾಗುತ್ತದೆ.

ನಿವೃತ್ತ ಶಿಕ್ಷಕರೊಬ್ಬರಿಗೆ ಕಳಿಸಿದ್ದು ಇದು:

‘ಮೇಷ್ಟ್ರೇ, ನಮಸ್ಕಾರ. ಬೆಳಗಿನ ಆರರ ಬ್ಯಾಚಿನಲ್ಲಿ ನಿಮ್ಮ ಜಾಗ ಈ ವರ್ಷವೂ ನಿಮಗಾಗಿಯೇ ಇದೆ. 2025-26ರ ಶುಲ್ಕ 2,400 ರೂಪಾಯಿ, ಏಪ್ರಿಲ್ 13ರ ಭಾನುವಾರ ರಾತ್ರಿ 8ರೊಳಗೆ ತಲುಪಿಸಿ. ವರ್ಷವಿಡೀ ಆಟದ ಜೊತೆಗೆ ಮೊಮ್ಮಗನಿಗೆ ಬೇಸಿಗೆ ಶಿಬಿರ ಅರ್ಧ ಶುಲ್ಕಕ್ಕೆ ಸಿಗುತ್ತದೆ. ಕೋರ್ಟಿನ ಹೊಸ ದೀಪಗಳು ಬಂದದ್ದು ಹೋದ ವರ್ಷ ನೀವೆಲ್ಲ ಕಟ್ಟಿದ ಹಣದಿಂದಲೇ. 13ರ ನಂತರ ಕಾಯುತ್ತಿರುವವರಿಗೆ ಜಾಗ ಬಿಟ್ಟುಕೊಡಬೇಕಾಗುತ್ತದೆ. ಒಟ್ಟಿಗೆ ಕಟ್ಟಲು ತೊಂದರೆಯಿದ್ದರೆ ಒಂದು ಮಾತು ಹೇಳಿ, ಎರಡು ಕಂತು ಮಾಡೋಣ.’

‘ಉತ್ತಮ ಸೌಲಭ್ಯಗಳು’ ಎಂದು ಬರೆದಿದ್ದರೆ ಮೇಷ್ಟ್ರಿಗೆ ಏನೂ ಅನ್ನಿಸುತ್ತಿರಲಿಲ್ಲ. ಮೊಮ್ಮಗನ ಶಿಬಿರ ಅವರಿಗೆ ತಟ್ಟಿತು. ಹಾಗೆಯೇ, ರದ್ದು ಎಂಬ ಬೆದರಿಕೆಗಿಂತ ಕಾಯುವವರ ಪಟ್ಟಿ ಹೆಚ್ಚು ಕೆಲಸ ಮಾಡಿತು, ಏಕೆಂದರೆ ಅದು ನಿಜ. ಪಟ್ಟಿ ಖಾಲಿಯಿದ್ದ ಸಂಜೆಯ ಬ್ಯಾಚಿನವರಿಗೆ ಆ ಸಾಲನ್ನು ನಾನು ಬರೆಯಲೇ ಇಲ್ಲ. ಭಾನುವಾರವನ್ನು ಆರಿಸಿದ್ದೂ ಬೇಕೆಂದೇ. ಅಷ್ಟರಲ್ಲಿ ಸಂಬಳ ಬಂದಿರುತ್ತದೆ, ನಗದು ಕೊಡುವ ಹಿರಿಯರು ಕೋರ್ಟಿಗೆ ಬಂದೇ ಬರುತ್ತಾರೆ.

‘ಕಂತು ಎಂದರೆ ಎಲ್ಲರೂ ಕಂತನ್ನೇ ಕೇಳುತ್ತಾರೆ’ ಎಂದು ಅಧ್ಯಕ್ಷರು ಖಡಾಖಂಡಿತವಾಗಿ ಹೇಳಿದ್ದರು. ಕೇಳಿದವರು ಐದೋ ಆರೋ ಜನ, ಎಲ್ಲರೂ ಎರಡನೆಯ ಕಂತನ್ನು ಜೂನ್‌ನೊಳಗೆ ಮುಗಿಸಿದರು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ‘ದಿನಕ್ಕೆ ಏಳು ರೂಪಾಯಿಗಿಂತ ಕಡಿಮೆ’ ಎಂದು ಹತ್ತು ಜನರಿಗೆ ಬರೆದು ನೋಡಿದೆ. ಹುಡುಗರು ಒಪ್ಪಿದರು, ಹಿರಿಯರೊಬ್ಬರು ‘ಇದೇನು, ಸೋಪಿನ ಜಾಹೀರಾತೇ?’ ಎಂದು ಮುಖ ಸಿಂಡರಿಸಿದರು. ತೆಗೆದುಹಾಕಿದೆ. ಕಳಿಸುವ ಹೊತ್ತನ್ನೂ ಬದಲಿಸಿ ನೋಡಿದೆ: ರಾತ್ರಿ ಒಂಬತ್ತಕ್ಕಿಂತ, ಆಟ ಮುಗಿಸಿ ಮನೆ ಸೇರುವ ಬೆಳಗಿನ ಎಂಟೂವರೆ ಚೆನ್ನಾಗಿ ಫಲಿಸಿತು.

ಗಡುವಿಗೆ ಮೂರು ದಿನ ಮೊದಲು ಒಂದೇ ಸಾಲಿನ ಎರಡನೆಯ ನೆನಪೋಲೆಯೂ ಹೋಗುತ್ತದೆ. ಕೊನೆಯ ಇಪ್ಪತ್ತೈದು ಜನ ಬಂದದ್ದು ಅದರಿಂದಲೇ. ಆ ಸಾಲನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಏಪ್ರಿಲ್‌ಗೂ ಅದು ನನಗೆ ಬೇಕು.