ಮಾರ್ಕನ ಕೊನೆಯ ಹನ್ನೆರಡು ವಚನ: ಪ್ರಸಂಗದಲ್ಲಿ ಹೇಗೆ ಹೇಳುವುದು?

ಬಾಗಲಕೋಟೆ ಕಡೆಯ ಒಂದು ಸಣ್ಣ ಸಭೆ. ಈಸ್ಟರ್ ಭಾನುವಾರ. ಹೊಸದಾಗಿ ಓದಿ ಬಂದ ಹುಡುಗನೊಬ್ಬ ಮಾರ್ಕ 16ನೇ ಅಧ್ಯಾಯ ಪೂರ್ತಿ ಓದಿದ. ಆಮೇಲೆ, "9ರಿಂದ ಮುಂದಿನದು ಮೂಲದಲ್ಲಿ ಇಲ್ಲ, ಯಾರೋ ಸೇರಿಸಿದ್ದು" ಎಂದು ಹೇಳಿ ಮುಂದೆ ಹೋಗಿಬಿಟ್ಟ. ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ಸತ್ಯವೇದ ತೆರೆದು ಹಿಡಿದುಕೊಂಡೇ ನನ್ನ ಹತ್ತಿರ ಬಂದರು. "ಅಯ್ಯಾರ, ಇನ್ನ ಎಲ್ಲೆಲ್ಲಿ ಸೇರಿಸ್ಯಾರ? ಗುರುತು ಹಾಕಿ ಕೊಡ್ರಿ."

ಹುಡುಗ ಹೇಳಿದ್ದು ಪೂರ್ತಿ ತಪ್ಪಲ್ಲ. ಹೇಳಿದ ಹೊತ್ತು ಮತ್ತು ಬಗೆ ಕೆಟ್ಟಿತ್ತು.

ಮೊದಲು ನಿಮ್ಮ ಸಭೆಯವರ ಕೈಯಲ್ಲಿರುವ ಸತ್ಯವೇದವನ್ನೇ ನೋಡಿ. ಕೆಲವು ಮುದ್ರಣದಲ್ಲಿ ಈ ಭಾಗಕ್ಕೆ ಆವರಣ ಅಥವಾ ಅಡಿಟಿಪ್ಪಣಿ ಇರುತ್ತದೆ, ಕೆಲವದರಲ್ಲಿ ಏನೂ ಇರುವುದಿಲ್ಲ. ಫೋನಿನ ಆ್ಯಪ್ ನಂಬಿ ಹೋಗಬೇಡಿ, ಅಲ್ಲಿ ಟಿಪ್ಪಣಿ ಕಾಣದೇ ಇರಬಹುದು.

ಎರಡನೆಯದು, ಹೇಳುವುದನ್ನು ಓದುವ ಮೊದಲೇ ಹೇಳಿ. ಓದಿ ಮುಗಿಸಿ ಹೇಳಿದರೆ, ಕೊಟ್ಟದ್ದನ್ನು ಕಸಿದುಕೊಂಡ ಹಾಗೆ ಕೇಳುತ್ತದೆ.

ಈಗ ಕಷ್ಟದ ಭಾಗ: ಏನು ಹೇಳಬೇಕು? ಎರಡು ನಿಮಿಷ ಸಾಕು, ಆದರೆ ಮಾತನ್ನು ಮನೆಯಲ್ಲೇ ಬರೆದುಕೊಂಡು ಬನ್ನಿ. ನಾನು ಹೇಳುವುದು ಹೀಗೆ: "ನಾಲ್ಕನೇ ಶತಮಾನದ ಎರಡು ಹಳೆಯ ಗ್ರೀಕ್ ಕೈಬರಹದ ಪ್ರತಿಗಳಿವೆ. ಒಂದು ಸಿನಾಯ್ ಪ್ರತಿ, ಇನ್ನೊಂದು ವ್ಯಾಟಿಕನ್ ಪ್ರತಿ. ಎರಡರಲ್ಲೂ ಮಾರ್ಕನ ಸುವಾರ್ತೆ 8ನೇ ವಚನಕ್ಕೇ ನಿಲ್ಲುತ್ತದೆ. ನಂತರದ ಬಹುಪಾಲು ಪ್ರತಿಗಳಲ್ಲಿ 20ರವರೆಗೂ ಇದೆ. ಈ ಕೊನೆಯೂ ಹಳೆಯದೇ. ಸುಮಾರು 180ರಲ್ಲೇ ಐರೇನಿಯಸ್ ಎಂಬ ಸಭಾಪಿತ 19ನೇ ವಚನವನ್ನು ಮಾರ್ಕನದೆಂದು ಬರೆದಿದ್ದಾನೆ. ಆದರೂ ಇದು ಮಾರ್ಕನೇ ಬರೆದದ್ದಲ್ಲ ಎಂದು ಇಂದಿನ ಹೆಚ್ಚಿನ ಪಂಡಿತರ ಅಭಿಪ್ರಾಯ."

ಎರಡೂ ಕಡೆಯ ಮಾತು ಅದರಲ್ಲಿದೆ ನೋಡಿ. ಹಳೆಯ ಪ್ರತಿಗಳ ಮಾತನ್ನು ಬಿಟ್ಟರೆ ಮೋಸ, ಐರೇನಿಯಸ್‌ನನ್ನು ಬಿಟ್ಟರೂ ಮೋಸ. "ಎರಡೇ ಪ್ರತಿಯಲ್ಲಿ ಇಲ್ಲ, ಉಳಿದ ನೂರಾರರಲ್ಲಿ ಇದೆ" ಎಂದು ಚುನಾವಣೆಯ ಮತದ ಹಾಗೆ ಎಣಿಸಬೇಡಿ. ಒಂದೇ ಪ್ರತಿ ನೋಡಿ ನೂರು ಜನ ನಕಲು ಮಾಡಿದರೆ ಅದು ನೂರು ಸಾಕ್ಷಿ ಆಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ "ಹೊಸ ಅನುವಾದಗಳು ವಚನ ಕದ್ದಿವೆ" ಎಂದು ಓಡಾಡುವ ಚಿತ್ರಗಳು ಇದನ್ನೇ ಮುಚ್ಚಿಡುತ್ತವೆ.

ಪ್ರತಿ ಎಂದರೇನು ಎಂದು ಕೇಳಿದರೆ, ವಿಜಯಪುರದಲ್ಲಿ ನಾನು ಫ.ಗು. ಹಳಕಟ್ಟಿಯವರ ಹೆಸರು ಹೇಳುತ್ತೇನೆ. ಅವರು ಶರಣರ ವಚನಗಳ ತಾಳೆಗರಿ ಕಟ್ಟುಗಳನ್ನು ಕೂಡಿಸಿ ಅಚ್ಚು ಹಾಕಿಸಿದ್ದು ಇಲ್ಲಿ ಯಾರಿಗೆ ಗೊತ್ತಿಲ್ಲ? ಕೈಯಲ್ಲಿ ಬರೆದ ಪ್ರತಿಗಳಲ್ಲಿ ಪಾಠ ಬೇರೆಯಾಗುವುದು ಎಲ್ಲ ಕಡೆ ಇದ್ದದ್ದೇ. ಈ ಹೋಲಿಕೆ ಪ್ರತಿ ಬರೆಯುವ ಕೆಲಸಕ್ಕೆ ಮಾತ್ರ, ಅಲ್ಲೇ ನಿಲ್ಲಿಸಿ.

ಆಸಕ್ತಿ ಇದ್ದವರಿಗೆ 9ನೇ ವಚನ ತೋರಿಸಿ. 1ನೇ ವಚನದಲ್ಲೇ ಸಮಾಧಿಗೆ ಹೊರಟ ಮಗ್ದಲದ ಮರಿಯಳನ್ನು ಅಲ್ಲಿ ಹೊಸಬಳ ಹಾಗೆ ಪರಿಚಯಿಸಲಾಗಿದೆ, ಏಳು ದೆವ್ವ ಬಿಡಿಸಿಕೊಂಡವಳು ಎಂದು. 7ನೇ ವಚನದಲ್ಲಿ ಗಲಿಲಾಯದಲ್ಲಿ ಕಾಣುವಿರಿ ಎಂಬ ಮಾತಿದೆ. ಮುಂದಿನ ಭಾಗದಲ್ಲಿ ಗಲಿಲಾಯದ ಸುದ್ದಿಯೇ ಇಲ್ಲ. ಹೊಲಿಗೆ ಬಿದ್ದ ಜಾಗ ಕಣ್ಣಿಗೇ ಕಾಣುತ್ತದೆ.

ಇಷ್ಟು ಹೇಳಿ ಸುಮ್ನೆ ಬಿಡಬೇಡಿ, ತಕ್ಷಣ ಏನು ಉಳಿಯಿತು ಎಂದು ತೋರಿಸಿ. "ಎದ್ದಿದ್ದಾನೆ, ಇಲ್ಲಿ ಇಲ್ಲ" ಎಂಬ ಸುದ್ದಿ 6ನೇ ವಚನದಲ್ಲಿದೆ, ಅದಕ್ಕೆ ಯಾವ ತಕರಾರೂ ಇಲ್ಲ. ಮರಿಯಳಿಗೆ ಕಾಣಿಸಿದ್ದು ಯೋಹಾನ 20ರಲ್ಲಿ, ದಾರಿಯಲ್ಲಿ ಇಬ್ಬರಿಗೆ ಕಾಣಿಸಿದ್ದು ಲೂಕ 24ರಲ್ಲಿ, ಎಲ್ಲ ಜನಾಂಗಗಳಿಗೆ ಹೋಗಿರಿ ಎಂಬುದು ಮತ್ತಾಯ 28ರಲ್ಲಿ ಸಿಗುತ್ತದೆ. ಪುಟ ತಿರುಗಿಸಿ ಓದಿಸಿ. ಬಾಯಲ್ಲಿ ಹೇಳುವುದಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಎಲ್ಲವೂ ಬೇರೆ ಕಡೆ ಇದೆ ಎಂದು ಮಾತ್ರ ಹೇಳಬೇಡಿ. 18ನೇ ವಚನದ ಹಾವಿಗೆ ಪೌಲನ ಕಥೆ ಇದೆ (ಅಪೊಸ್ತಲರ ಕೃತ್ಯಗಳು 28), ಆದರೆ ಅವನು ಹಾವನ್ನು ಹುಡುಕಿಕೊಂಡು ಹೋಗಲಿಲ್ಲ, ಸೌದೆಯೊಳಗಿಂದ ಬಂದು ಕಚ್ಚಿತು. ವಿಷ ಕುಡಿದರೂ ಏನೂ ಆಗದು ಎಂಬುದು ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಇಲ್ಲ. ಹೊಲದಲ್ಲಿ ದುಡಿಯುವವರ ಸಭೆಯಲ್ಲಿ ನಾನು ಇದನ್ನು ನೇರವಾಗಿ ಹೇಳುತ್ತೇನೆ: "ಹಾವು ಕಡದ್ರ ಮೊದಲ ದವಾಖಾನಿ. ಪ್ರಾರ್ಥನೆ ದಾರ್ಯಾಗ ಮಾಡೋಣ." ತಕರಾರಿರುವ ಒಂದೇ ವಚನದ ಮೇಲೆ ಯಾರ ಜೀವವನ್ನೂ ಪಣಕ್ಕಿಡಬಾರದು.

ಆಮೇಲೆ 8ನೇ ವಚನಕ್ಕೆ ಮರಳಿ ಪ್ರಸಂಗ ಮಾಡಿ. ಹೆಂಗಸರು ಹೆದರಿ ಓಡಿದರು, ಯಾರಿಗೂ ಏನೂ ಹೇಳಲಿಲ್ಲ. ಅಲ್ಲೇ ನಿಂತರೆ ಒಳ್ಳೆಯ ಪ್ರಸಂಗ ತಾನಾಗಿ ಸಿಗುತ್ತದೆ.

ಮುಗಿದ ಮೇಲೆ ಬಾಗಿಲ ಹತ್ತಿರ ನಿಲ್ಲಿ. ಆ ಅಜ್ಜಿಗೆ ನಾನು ಇನ್ನೊಂದೇ ಗುರುತು ಹಾಕಿ ಕೊಟ್ಟೆ, ಯೋಹಾನ 7:53ರಿಂದ 8:11. "ಇಷ್ಟು ದೊಡ್ಡವು ಈ ಎರಡೇ ರೀ ಅಜ್ಜಿ, ಉಳಿದವು ಒಂದೆರಡು ಮಾತಿನವು" ಎಂದೆ. ಅವರು ಎರಡೂ ಪುಟದ ಮೂಲೆ ಮಡಚಿಕೊಂಡು ಹೋದರು.