ಲಾಭ ಕುಸಿದ ವರ್ಷ ಮೆಟೀರಿಯಾಲಿಟಿ ಹೇಗೆ ಲೆಕ್ಕ ಹಾಕೋದು?

ಮಂಗಳೂರಿನ ಗೇರುಬೀಜ ಕಾರ್ಖಾನೆಯೊಂದರ ಆಡಿಟ್ ಪ್ಲಾನಿಂಗ್ ಬಗ್ಗೆ ನಮ್ಮ ಕೋಚಿಂಗ್ ಕ್ಲಾಸಿನಲ್ಲಿ ಒಂದು ಚಿಕ್ಕ ಪ್ರಶ್ನೆ ಬಂದಿತ್ತು. ವಹಿವಾಟು 20 ಕೋಟಿ. ತೆರಿಗೆಗೆ ಮುಂಚಿನ ಲಾಭ ಪ್ರತಿವರ್ಷ ಸುಮಾರು 1 ಕೋಟಿ, ಈ ವರ್ಷ ಮಾತ್ರ 4 ಲಕ್ಷ. ಮೆಟೀರಿಯಾಲಿಟಿ ಅಂದರೆ ಲೆಕ್ಕಪತ್ರ ಓದುವವರ ನಿರ್ಧಾರ ಬದಲಿಸುವಷ್ಟು ದೊಡ್ಡ ತಪ್ಪಿನ ಮಿತಿ; ಅದಕ್ಕೆ ಲಾಭದ 5% ಅಥವಾ ವಹಿವಾಟಿನ 0.5% ಎಂದು ಕೊಟ್ಟಿದ್ದರು.

ಲಾಭ ಹಿಡಿದರೆ ಮೆಟೀರಿಯಾಲಿಟಿ ಬರೀ 20,000 ರೂಪಾಯಿ. 20 ಕೋಟಿಯ ವ್ಯಾಪಾರಕ್ಕೆ ಇದು ತಮಾಷೆ ಅಲ್ವಾ? ಮೆಟೀರಿಯಾಲಿಟಿ ಕುರಿತ ಆಡಿಟಿಂಗ್ ಮಾನದಂಡ ಎಸ್‌ಎ 320 ತೆರೆದಾಗ ಗಂಟು ಬಿಚ್ಚಿತು: ಲಾಭ ಏರುಪೇರಾಗುತ್ತಿದ್ದರೆ ಒಟ್ಟು ಲಾಭ ಅಥವಾ ವಹಿವಾಟಿನಂಥ ಅಳತೆ ಹೆಚ್ಚು ಸೂಕ್ತವಾಗಬಹುದು. ವಹಿವಾಟಿನ 0.5% ಅಂದರೆ 10 ಲಕ್ಷ. ಮಾಮೂಲಿ ಲಾಭದ 5% ಕೂಡ 5 ಲಕ್ಷ, ಹಾಗಾಗಿ 20,000 ಎಷ್ಟು ದೂರ ಅಂತ ಗೊತ್ತಾಗುತ್ತದೆ. ಚಿಕ್ಕ ತಪ್ಪುಗಳು ಸೇರಿ ಆ ಮಿತಿ ದಾಟದಿರಲಿ ಎಂದು ಪರೀಕ್ಷೆಗೆ ಇಟ್ಟುಕೊಳ್ಳುವ ಕಡಿಮೆ ಮಿತಿ, ಅಂದರೆ ಪರ್ಫಾರ್ಮೆನ್ಸ್ ಮೆಟೀರಿಯಾಲಿಟಿ, 75% ಎಂದು ಕೊಟ್ಟಿದ್ದರು; 10 ಲಕ್ಷಕ್ಕೆ ಅದು 7.5 ಲಕ್ಷ. ಅಳತೆ ಬದಲಿಸಿದ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲೇಬೇಕು, ಸುಮ್ನೆ ಉತ್ತರ ಇಟ್ಟರೆ ಸಾಲದು.

ರಿಸ್ಕ್ ಭಾಗ ಸುಲಭ. ತಪ್ಪು ಅಭಿಪ್ರಾಯ ಕೊಟ್ಟುಬಿಡುವ ಆಡಿಟ್ ರಿಸ್ಕ್ 5%, ಲೆಕ್ಕದಲ್ಲೇ ತಪ್ಪು ನುಸುಳುವ ಇನ್ಹರೆಂಟ್ ರಿಸ್ಕ್ 80%, ಅದನ್ನು ಕಂಪನಿಯ ಒಳ ನಿಯಂತ್ರಣ ತಡೆಯದಿರುವ ಕಂಟ್ರೋಲ್ ರಿಸ್ಕ್ 50%. ಉಳಿದದ್ದು ಡಿಟೆಕ್ಷನ್ ರಿಸ್ಕ್ ಅಥವಾ DR, ಅಂದರೆ ತಪ್ಪು ಆಡಿಟರ್ ಕಣ್ಣಿಗೂ ಬೀಳದಿರುವ ಸಾಧ್ಯತೆ.

```
DR = 0.05 / (0.80 × 0.50) = 12.5%
```

ಕಂಟ್ರೋಲ್ ನಂಬಲೇ ಆಗದೆ ಅದು 100% ಆದರೆ ಡಿಟೆಕ್ಷನ್ ರಿಸ್ಕ್ 6.25%ಕ್ಕೆ ಇಳಿಯುತ್ತದೆ. ಇಳಿದಷ್ಟೂ ಪರೀಕ್ಷಿಸುವ ಸ್ಯಾಂಪಲ್ ಜಾಸ್ತಿ.