ತೊಗರಿ ವಿಮೆ ಪ್ರಕಟಣೆಯನ್ನು ಒಂದೇ ಹಾಳೆಗೆ ಇಳಿಸಿದ್ದು: ನನ್ನ ಅನುಭವ

ಸರ್ಕಾರಿ ಪ್ರಕಟಣೆಯನ್ನು ಸರಳ ಮಾಡಿದರೆ ಅರ್ಥ ಕೆಡುತ್ತದೆ, ನಾಳೆ ತಕರಾರು ಬರುತ್ತದೆ ಎಂದವರೇ ಹೆಚ್ಚು. ಈಗ ಕಲಬುರಗಿ ಸುತ್ತಿನ ಹಳ್ಳಿಗಳಲ್ಲಿ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರೂ ನಮ್ಮ ಹಾಳೆ ಓದಿ ತಾವೇ ಬೆಳೆ ವಿಮೆ ಸಹಾಯವಾಣಿ 14447ಕ್ಕೆ ಫೋನ್ ಹಚ್ಚುತ್ತಿದ್ದಾರೆ. ಹಾಗಾಗಿ ಮಾಡಿದ ರೀತಿಯನ್ನು ಬರೆದಿಡುತ್ತಿದ್ದೇನೆ.

ಫಸಲ್ ಬಿಮಾ ಪ್ರಕಟಣೆಯಲ್ಲಿ ರೈತರ ರೊಕ್ಕ ಮುಳುಗುವುದು ಸಾಮಾನ್ಯವಾಗಿ ಇಂಥದೊಂದು ವಾಕ್ಯದಲ್ಲಿ: "ಸ್ಥಳೀಯ ಪ್ರಕೃತಿ ವಿಕೋಪಗಳಿಂದ ಅಧಿಸೂಚಿತ ಬೆಳೆಗೆ ಹಾನಿ ಸಂಭವಿಸಿದಲ್ಲಿ ವಿಮೆಗೊಳಪಟ್ಟ ರೈತರು 72 ಗಂಟೆಗಳೊಳಗಾಗಿ ಮಾಹಿತಿ ನೀಡತಕ್ಕದ್ದು, ತಪ್ಪಿದಲ್ಲಿ ಪರಿಹಾರಕ್ಕೆ ಪರಿಗಣಿಸಲಾಗುವುದಿಲ್ಲ."

ಅಲ್ಪವಿರಾಮ ಇದ್ದಲ್ಲಿ ಕತ್ತರಿಸಿ ಎರಡು ವಾಕ್ಯ ಮಾಡುವುದು ಎಲ್ಲರೂ ಮೊದಲು ಮಾಡುವ ಕೆಲಸ. ಅದು ನಡೆಯುವುದಿಲ್ಲ. ವಾಕ್ಯ ಚಿಕ್ಕದಾಗುತ್ತದೆ, ಆದರೆ ಯಾರು ಏನು ಮಾಡಬೇಕು ಎಂಬುದು ಎರಡರಲ್ಲೂ ಸಿಗುವುದಿಲ್ಲ. ಹಾನಿ, ಕೆಲಸ, ಗಡುವು ಮೂರನ್ನೂ ಬೇರೆ ಮಾಡಿ, ಪ್ರತಿಯೊಂದನ್ನೂ ಓದುವವರಿಗೇ ಹೇಳಿದಂತೆ ಬರೆದ ಮೇಲೆ ದಾರಿ ಸಿಕ್ಕಿತು. ಒಂದು ವಾಕ್ಯಕ್ಕೆ ಒಂದೇ ಕ್ರಿಯಾಪದ, ಹೆಚ್ಚೆಂದರೆ ಏಳೆಂಟು ಪದ.

"ನಿಮ್ಮ ಹೊಲದಲ್ಲಿ ಮಳೆ ನೀರು ನಿಂತು ತೊಗರಿ ಕೆಟ್ಟಿದೆಯೇ? ಆಲಿಕಲ್ಲು ಬಿದ್ದು ಕೆಟ್ಟಿದೆಯೇ? 14447ಕ್ಕೆ ಫೋನ್ ಮಾಡಿ. ಮೂರು ದಿನದ ಒಳಗೆ ಮಾಡಿ. ತಡವಾದರೆ ವಿಮೆ ಹಣ ಬರುವುದಿಲ್ಲ."

ಇದರಲ್ಲೂ ಒಂದು ತೊಡಕು ಉಳಿದಿತ್ತು. ಮೂರು ದಿನ ಎಂದರೆ ಹಾನಿಯಾದ ದಿನವನ್ನು ಬಿಟ್ಟು ಮರುದಿನದಿಂದ ಎಣಿಸುವವರೇ ಬಹಳ. ಸೋಮವಾರ ಮುಂಜಾನೆ ನೀರು ನಿಂತರೆ 72 ಗಂಟೆ ಗುರುವಾರ ಮುಂಜಾನೆಗೇ ಮುಗಿಯುತ್ತದೆ, ಇವರು ಗುರುವಾರ ಸಂಜೆವರೆಗೆ ಸಮಯ ಇದೆ ಎಂದು ಕೂಡುತ್ತಾರೆ. ಅದಕ್ಕೇ ಹಾಳೆಯಲ್ಲಿ "ಸೋಮವಾರ ಹಾನಿಯಾದರೆ ಬುಧವಾರ ಸಂಜೆಯೊಳಗೆ ಫೋನ್ ಮಾಡಿ" ಎಂದೇ ಹಾಕಿದೆವು. ಗಡುವನ್ನು ತುಸು ಹಿಂದಕ್ಕೆ ಎಳೆದರೆ ರೈತರಿಗೆ ನಷ್ಟವಿಲ್ಲ, ಮುಂದಕ್ಕೆ ತಳ್ಳಿದರೆ ಹಣವೇ ಹೋಗುತ್ತದೆ.

ಬಿಡಲೇಬಾರದ ಇನ್ನೊಂದು ಮಾತಿದೆ. ಬರಗಾಲದಿಂದ ಇಡೀ ಊರಿನ ಇಳುವರಿ ಇಳಿದರೆ ಕೆಲವು ಹೊಲಗಳ ಬೆಳೆ ಕೊಯ್ದು ತೂಗಿ ನೋಡುವ ಬೆಳೆ ಕಟಾವು ಪ್ರಯೋಗದ ಲೆಕ್ಕದ ಮೇಲೆ ಪರಿಹಾರ ತೀರ್ಮಾನವಾಗುತ್ತದೆ, ಅದಕ್ಕೆ ಒಬ್ಬೊಬ್ಬರು ಫೋನ್ ಮಾಡಬೇಕಿಲ್ಲ. ಸರಳ ಮಾಡುವ ಭರದಲ್ಲಿ ಎರಡನ್ನೂ "ಬೆಳೆ ಹಾಳಾದರೆ" ಎಂದು ಒಂದೇ ಮಾಡಿದರೆ, ಬರಕ್ಕೆ ಸುಮ್ಮನೆ ಫೋನ್ ಹೋಗುತ್ತದೆ, ನೀರು ನಿಂತವರು ಊರಿನ ಲೆಕ್ಕ ಕಾಯುತ್ತ ಕೂಡುತ್ತಾರೆ. ನಮ್ಮ ಹಾಳೆಯ ಮೇಲರ್ಧ "ನಿಮ್ಮ ಹೊಲಕ್ಕೆ ಮಾತ್ರ ಹಾನಿ", ಕೆಳಗರ್ಧ "ಇಡೀ ಊರಿಗೆ ಹಾನಿ".

ಕಂತಿನ ಲೆಕ್ಕವನ್ನೂ ಎಕರೆಗೆ ತಂದೆವು. ಮುಂಗಾರಿಗೆ ರೈತರ ಪಾಲು ವಿಮಾ ಮೊತ್ತದ ಶೇ. 2. ಹೆಕ್ಟೇರಿಗೆ 50,000 ಎಂದು ಹಿಡಿದರೆ 1,000 ರೂಪಾಯಿ, ಎಕರೆಗೆ ಸುಮಾರು 405. ಶೇಕಡಾ, ಹೆಕ್ಟೇರ್ ಎರಡೂ ಹಾಳೆಯಲ್ಲಿ ಇಲ್ಲ. ಅಂಕಿಗಳನ್ನು ಪಹಣಿ, ಮೊಬೈಲಿನಲ್ಲಿ ಕಾಣುವ ಹಾಗೆ 1, 2 ಎಂದೇ ಇಟ್ಟೆವು. ೭೨ ಎಂದು ಹಾಕಿದ ಪ್ರತಿಯಲ್ಲಿ ಓದು ಅಲ್ಲೇ ನಿಲ್ಲುತ್ತಿತ್ತು.

ಕಲಬುರಗಿ ಆಡುಮಾತಿನಲ್ಲೇ ಬರೆದು ನೋಡುವ ಆಸೆಯೂ ಇತ್ತು. "ಫೋನ್ ಹಚ್ರಿ, ತಡಾ ಮಾಡಬ್ಯಾಡ್ರಿ" ಎಂದು ಬರೆದದ್ದನ್ನು ಜೋರಾಗಿ ಓದಿ ಹೇಳಿದರೆ ಎಲ್ಲರಿಗೂ ಖುಷಿ. ಕಣ್ಣಿಂದ ಓದಲು ಕೊಟ್ಟರೆ ಮಾತ್ರ ತಡವರಿಕೆ, ಯಾಕೆಂದರೆ ಅವರು ಅಕ್ಷರ ಕಲಿತದ್ದು ಶಾಲೆಯ ಪುಸ್ತಕದಲ್ಲಿ. ಬರವಣಿಗೆ ಪುಸ್ತಕದ್ದು, ಪದಗಳು ಊರಿನವು ಎಂದು ಮಾಡಿಕೊಂಡ ಮೇಲೆ ಸರಿಹೋಯಿತು. ಆ ಆಡುಮಾತಿನ ಪ್ರತಿ ಈಗ ಊರಲ್ಲಿ ಮೈಕಿನ ಡಂಗುರಕ್ಕೆ ಬಳಕೆಯಾಗುತ್ತಿದೆ.

ಪ್ರಕಟಣೆ ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿದ್ದರೆ ಯೂನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಅಂಕಿಗಳನ್ನು ಒಂದೊಂದಾಗಿ ನೋಡಿ. ಅಕ್ಷರ 16 ಪಾಯಿಂಟಿಗಿಂತ ಕಡಿಮೆ ಬೇಡ, ಸಾಲಿನ ಅಂತರ ಒಂದೂವರೆ ಇರಲಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬಣ್ಣದ ಚಿತ್ರಕ್ಕೆ ರೊಕ್ಕ ಸುರಿಯಬೇಡಿ. ಬಣ್ಣದ ಪ್ರತಿಗೆ ಹತ್ತು ರೂಪಾಯಿ ಆಸುಪಾಸು ಬೀಳುತ್ತದೆ, ಊರಲ್ಲಿ ಅದನ್ನೇ ಝೆರಾಕ್ಸ್ ಮಾಡಿದರೆ ಹೊಲವೂ ನೀರೂ ಒಂದೇ ಕಪ್ಪು. ಬರೀ ಗೆರೆಯ ಚಿತ್ರ ಒಂದೆರಡು ರೂಪಾಯಿಯ ಪ್ರತಿಯಲ್ಲೂ ನಿಲ್ಲುತ್ತದೆ. ಯಾವ ಚಿತ್ರ ಯಾವ ಸಾಲಿನ ಎದುರು ಇಟ್ಟೆವು ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಪರೀಕ್ಷೆಗೆ "ತಿಳಿತೇನ್ರಿ?" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಹಾಳೆ ಕೊಟ್ಟು, "ನಿನ್ನೆ ರಾತ್ರಿ ಹೊಲದಾಗ ನೀರು ನಿಂತಾವ, ಈಗ ಏನ್ ಮಾಡ್ತೀರವ್ವ?" ಎಂದು ಕೇಳಬೇಕು. ಬೆರಳು ಎಲ್ಲಿ ನಿಲ್ಲುತ್ತದೆ, ಯಾವ ಸಾಲನ್ನು ಎರಡು ಸಲ ಓದುತ್ತಾರೆ ನೋಡಿ, ಆ ಸಾಲನ್ನಷ್ಟೇ ತಿದ್ದಿ. ಸ್ವಸಹಾಯ ಸಂಘದ ಐದಾರು ಮಂದಿ ಸಾಕು. ಆಮೇಲೆ ಕೃಷಿ ಅಧಿಕಾರಿಗೆ ಮೂಲ ವಾಕ್ಯ ಎಡಕ್ಕೆ, ನಮ್ಮದು ಬಲಕ್ಕೆ ಇಟ್ಟು ತೋರಿಸಿ. ಹಾಗೆ ತೋರಿಸಿದ ಮೇಲೆ ಅವರು ಕೇಳಿದ ತಿದ್ದುಪಡಿ ಒಂದೇ, ಕೊನೆಗೆ ಈ ಸಾಲು: "ಪೂರ್ತಿ ನಿಯಮ ಇಲಾಖೆಯ ಪ್ರಕಟಣೆಯಲ್ಲಿದೆ."